ರೊಪ್ಪಕ್ಕೆ ದಾರಿ ತಪ್ಪಿ ಬಂದ ದುಡ್ಡು

ಅಪ್ಪನ ಕೈಯಲ್ಲಿ ಕತ್ತರಿ ನಿಲ್ಲುತ್ತಿಲ್ಲ ಎಂಬುದು ನನಗೆ ತಿಳಿದದ್ದು ಅವನ ಕುರಿಗಳ ಮೈ ನೋಡಿ. ಕಳ್ಳಂಬೆಳ್ಳದ ಕಡೆ ಉಣ್ಣೆ ಕತ್ತರಿಸುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. ಆ ಸಲ ಊರಿಗೆ ಹೋದಾಗ ಒಂದು ಕುರಿಯ ಬೆನ್ನ ಮೇಲೆ ಅರ್ಧ ಉಣ್ಣೆ ಹಾಗೇ ಉಳಿದಿತ್ತು, ಪಕ್ಕೆಯಲ್ಲಿ ಗಾಯಕ್ಕೆ ಅರಿಶಿನ ಮೆತ್ತಿತ್ತು. ಅಪ್ಪನ ಬೆರಳ ಗೆಣ್ಣುಗಳು ಊದಿಕೊಂಡಿದ್ದವು.

"ಕತ್ತರಿ ಮೊಂಡಾಗೈತೆ ಕಣವ್ವ" ಎಂದ. ಅಪ್ಪ ಸುಳ್ಳು ಹೇಳುವುದೇ ಅಪರೂಪ, ಹೇಳಿದರೂ ಅವನಿಗೆ ಬರುವುದಿಲ್ಲ.

ನಾನು ಪುರವರದ ಶಾಲೆಯಲ್ಲಿ ಟೀಚರ್. ಸಂಬಳದ ಖಾತೆಯ ಜೊತೆ ಬ್ಯಾಂಕಿನವರು ಕೊಟ್ಟ ಕ್ರೆಡಿಟ್ ಕಾರ್ಡ್ ನನ್ನ ಬ್ಯಾಗಿನಲ್ಲಿ ಸುಮ್ಮನೆ ಬಿದ್ದಿತ್ತು. ಉಣ್ಣೆ ಕತ್ತರಿಸುವ ಕರೆಂಟ್ ಮಿಷನ್ನನ್ನು ಫೋನಿನಲ್ಲಿ ಹುಡುಕಿದೆ. ಉತ್ತರದ ಕಡೆಯ ಯಾವುದೋ ಊರಿನ ಸಣ್ಣ ವರ್ಕ್‌ಶಾಪ್ ಒಂದು ಅದನ್ನು ಮಾಡಿ ಮಾರುತ್ತಿತ್ತು. ದುಡ್ಡು ಕಟ್ಟುವಾಗ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ತಾಳ್ಮೆ ನನ್ನ ಹುಟ್ಟುಗುಣವಲ್ಲ. ಹಿಂದಕ್ಕೆ ಹೋಗಿ ಮತ್ತೆ ಕಟ್ಟಿದೆ. ಕಡಿತವಾಯಿತು ಎಂಬ ಮೆಸೇಜು ಬಂತು, ಅದರ ಹಿಂದೆಯೇ ಅಷ್ಟೇ ಮೊತ್ತದ ಇನ್ನೊಂದು ಬಂತು. ಮಿಷನ್ ಒಂದೇ ಬಂತು.

ಮೊದಲು ಮಾರಿದವರಿಗೆ ಇಮೇಲ್ ಬರೆದೆ. ಆರ್ಡರ್ ನಂಬರ್, ಎರಡೂ ಕಡಿತದ ರೆಫರೆನ್ಸ್ ನಂಬರ್, ಕಾರ್ಡಿನ ಸ್ಟೇಟ್‌ಮೆಂಟ್ ಎಲ್ಲ ಲಗತ್ತಿಸಿ, ಒಂದನ್ನು ವಾಪಸ್ ಮಾಡಿ ಎಂದು ಕೇಳಿದೆ. ಉತ್ತರವಿಲ್ಲ. ಒಂದು ವಾರ ಕಾದು, ನನ್ನ ಪಾಲಿಗೆ ಅದು ತಪಸ್ಸು, ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಚೆನ್ನಾಗಿ ಹೇಳಿದಳು: ಒಂದೇ ವಸ್ತುವಿಗೆ ಎರಡು ಸಲ ಕಡಿತ ಎಂದು ತಕರಾರು ದಾಖಲಿಸಿ, ಅಂಗಡಿಯವರಿಗೆ ಬರೆದದ್ದನ್ನೂ ಆರ್ಡರ್ ಒಂದೇ ಎಂಬುದಕ್ಕೆ ಪುರಾವೆಯನ್ನೂ ಕಳಿಸಿ, ನಡುವೆ ಅವರೇ ವಾಪಸ್ ಮಾಡಿದರೆ ನಮಗೆ ತಿಳಿಸಿ. ಅಡುಗೆಮನೆಯಲ್ಲಿ ನಿಂತೇ ಬರೆದೆ, ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಸ್ವಲ್ಪ ದಿನಕ್ಕೇ ಬ್ಯಾಂಕು ಅಷ್ಟು ದುಡ್ಡನ್ನು ತಾತ್ಕಾಲಿಕವಾಗಿ ನನ್ನ ಕಾರ್ಡಿಗೆ ಜಮಾ ಮಾಡಿತು. ವಿಚಾರಣೆ ಮುಗಿಯುವವರೆಗೆ ಮಾತ್ರ ಎಂದು ಬರೆದಿದ್ದರು. ಆಮೇಲೆ ಇನ್ನೊಂದು ಪತ್ರ ಬಂತು: ಅಂಗಡಿಯವರ ಬ್ಯಾಂಕಿನಿಂದ ಗಡುವಿನೊಳಗೆ ಉತ್ತರ ಬರಲಿಲ್ಲ, ತಕರಾರು ನಿಮ್ಮ ಪರವಾಗಿ ಮುಗಿದಿದೆ, ಜಮಾ ಆದದ್ದು ನಿಮ್ಮದೇ.

ಅದನ್ನು ಓದಿದಾಗ ನನಗೆ ತಾತ ನೆನಪಾದ. ನಮ್ಮ ತಾತ ಮೇವಿನ ಜಾಗಕ್ಕಾಗಿ ಸಿರಾದ ಕಚೇರಿಗೆ ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಸಿದವನು. ಅರ್ಜಿ ಎಲ್ಲಿ ಹೋಯಿತೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಅವನ ಮೊಮ್ಮಗಳು ಸಾರಿನ ಸೌಟು ಹಿಡಿದುಕೊಂಡು ನಾಲ್ಕು ಸಾಲು ಬರೆದರೆ, ಕಾಣದ ಊರಿನ ಬ್ಯಾಂಕೊಂದು ದುಡ್ಡು ಬಿಟ್ಟುಕೊಡಬೇಕಾಯಿತು. ಇದೆಂಥ ಕಾಲ ಎಂದು ಬೆರಗಾದೆ.

ಬೆರಗು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ ಇನ್ನೊಂದು ಸಲ ಜಮಾ ಆಗಿತ್ತು, ಈ ಸಲ ಅಂಗಡಿಯ ಹೆಸರಿನಲ್ಲಿ. ನನ್ನ ಪತ್ರಕ್ಕೆ ಅವರು ಉತ್ತರ ಬರೆಯದಿದ್ದರೂ ದುಡ್ಡನ್ನು ತಾವಾಗಿಯೇ ಹಿಂದಿರುಗಿಸಿದ್ದರು. ಬ್ಯಾಂಕು ಅವರ ಖಾತೆಯಿಂದ ಎಳೆದುಕೊಂಡದ್ದು ಬೇರೆ, ಅವರೇ ಕೊಟ್ಟದ್ದು ಬೇರೆ. ಕಾಯಿಸಿದ್ದಕ್ಕೆ ಚೆನ್ನಾಗಿಯೇ ಆಯಿತು ಅವರಿಗೆ ಎಂದುಕೊಂಡೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರುಗಳು, "ಬಂದ ಲಕ್ಷ್ಮೀನ ಯಾರಾದ್ರೂ ಒದೀತಾರಾ ಮೇಡಂ? ಸುಮ್ನಿರಿ" ಎಂದು ನಕ್ಕರು.

ಭಾನುವಾರ ಊರಿಗೆ ಹೋದೆ. ಅಪ್ಪ ಕುರಿಗಳನ್ನು ಕೆರೆಯಲ್ಲಿ ಮೈ ತೊಳೆಸಿ ತಂದು ಒಣಗಲು ಬಿಟ್ಟಿದ್ದ. ಬಿಸಿಲು ಏರತೊಡಗಿತ್ತು, ದಪ್ಪ ಉಣ್ಣೆ ಹೊತ್ತ ಕುರಿಗಳು ಏದುಸಿರು ಬಿಡುತ್ತಿದ್ದವು. ಮಿಷನ್ ಹೊರಗೆ ತೆಗೆದು, ಗುಡಿಸಲಿನಿಂದ ಕುರಿ ಕೂಡುವ ರೊಪ್ಪದ ಮುಳ್ಳುಬೇಲಿವರೆಗೆ ವೈರ್ ಎಳೆದಿದ್ದೂ ಆಗಿತ್ತು. ನಾನು ಜಂಬದಿಂದ ಎಲ್ಲ ಹೇಳಿ, "ಎರಡು ಸಲ ಹೋಗಿದ್ದು ಎರಡು ಸಲ ವಾಪಸ್ ಬಂತು ಕಣಪ್ಪ. ಮಿಷನ್ನು ಪುಕ್ಕಟೆ!" ಎಂದೆ.

ಅಪ್ಪ ಒಂದು ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದಿದ್ದವನು ಬಿಟ್ಟುಬಿಟ್ಟ.

"ಒಂದ್ ದುಡ್ಡು ನಮ್ದು. ಇನ್ನೊಂದು?"

"ಅವ್ರದು. ಆದ್ರೆ ಅವ್ರು ಕೇಳ್ಲೇ ಇಲ್ಲ."

"ಮನೆಗೆ ಕಳ್ಸು ಅಂತ ಕುರಿ ಕೇಳ್ತದಾ ಮಗಾ?" ಎಂದು ಮಿಷನ್ನನ್ನು ಡಬ್ಬಿಗೆ ಇಟ್ಟ. "ತಪ್ಪಿಸ್ಕಂಡ್ ಬಂದಿರೋ ಕುರೀನ ರೊಪ್ಪದಾಗೆ ಮಡಿಕ್ಕಂಡು ನಮ್ ಕುರೀಗೆ ಕತ್ತರಿ ಹಾಕಾಂಗಿಲ್ಲ. ಮೊದ್ಲು ಅದು ಮನೆ ಸೇರ್ಲಿ."

ಇದು ನಮ್ಮವರ ಹಳೆಯ ಕಟ್ಟು. ಯಾರದೋ ಕುರಿ ಸಂಜೆ ನಮ್ಮ ಹಿಂಡಿನ ಜೊತೆ ಬಂದರೆ ಬೇರೆ ಕಟ್ಟಿ ನೀರು ಮೇವು ಕೊಡಬೇಕು, ಅದರ ಕಿವಿಯ ಗುರುತು ಬಲ್ಲವರಿಗೆ ಹೇಳಿ ಕಳಿಸಬೇಕು. ಅದು ಹೋಗುವವರೆಗೆ ರೊಪ್ಪದಲ್ಲಿ ಉಣ್ಣೆ ಕತ್ತರಿಸುವುದಿಲ್ಲ, ಯಾರ ಉಣ್ಣೆ ಯಾರದ್ದರಲ್ಲಿ ಬೆರೆಯಿತೋ ಎಂಬ ಮಾತು ಬರಬಾರದೆಂದು. ಚಿಕ್ಕಂದಿನಿಂದ ನೋಡಿದ್ದೆ. ಕಾರ್ಡಿನ ದುಡ್ಡಿಗೂ ಕಿವಿಯ ಗುರುತಿದೆ ಎಂದು ನನಗೆ ಹೊಳೆದಿರಲಿಲ್ಲ. ಬಿಸಿಲು ಏರುತ್ತಿದೆ, ಕೈ ನೋಯುತ್ತಿದೆ ಎಂದು ಎಷ್ಟು ಜಗಳವಾಡಿದರೂ ಅಪ್ಪ ಜಗ್ಗಲಿಲ್ಲ. ಕೋಪ ನೆತ್ತಿಗೇರಿತು. ಆದರೂ ಬಸ್ಸಿನಲ್ಲಿ ಕೂತು, ತಕರಾರಿನ ಪತ್ರಗಳನ್ನು ಫೋನಿನಲ್ಲಿ ಮತ್ತೆ ತೆಗೆದೆ.

ಮತ್ತೆ ಇಬ್ಬರಿಗೂ ಬರೆದೆ. ಬ್ಯಾಂಕಿಗೆ, ಅಂಗಡಿಯವರೇ ವಾಪಸ್ ಮಾಡಿದ್ದಾರೆ, ತಕರಾರಿನಲ್ಲಿ ನೀವು ಜಮಾ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಅವರ ಬ್ಯಾಂಕಿಗೆ ಕಳಿಸಿ ಎಂದು. ಅಂಗಡಿಗೆ ಅದರ ಪ್ರತಿಯನ್ನು ಕಳಿಸಿದೆ. ಬ್ಯಾಂಕಿನಿಂದ ಫೋನ್ ಬಂತು. "ಮೇಡಂ, ತೀರ್ಮಾನ ನಿಮ್ ಪರವಾಗೇ ಆಗಿದೆ" ಎಂದಳು ಹುಡುಗಿ.

"ಗೊತ್ತಮ್ಮ. ಅದಕ್ಕೇ ವಾಪಸ್ ತಗೊಳ್ಳಿ ಅಂತಿದೀನಿ."

"ಮೇಲಿನವ್ರನ್ನ ಕೇಳಿ ಹೇಳ್ತೀನಿ" ಎಂದಳು.

ಎರಡು ದಿನ ಬಿಟ್ಟು ವರ್ಕ್‌ಶಾಪಿನ ಒಡತಿಯೇ ಫೋನ್ ಮಾಡಿದಳು. "ಅಕ್ಕಾರ, ಮನ್ಯಾಗ ನಮ್ಮವ್ರಿಗೆ ಆರಾಮಿರ್ಲಿಲ್ರಿ. ದವಾಖಾನ್ಯಾಗ ಕುಂತು ನಿಮ್ಮ ದುಡ್ಡು ಕಳಿಸಿದ್ನಿ, ಉತ್ತರಾ ಬರ‍್ಯಾಕ ಆಗ್ಲಿಲ್ಲ. ಆಮ್ಯಾಲ ಬ್ಯಾಂಕಿನವ್ರು ಮತ್ತ ಕಡಕೊಂಡ್ರು. ಏನ್ ಕಾಗದ ತೋರಿಸ್ಬೇಕೋ ತಿಳೀಲಿಲ್ಲ. ಹೋತು ಅಂದ್ಕೊಂಡು ಸುಮ್ನಾಗಿದ್ನಿ." ಫೋನು ಇಡುವ ಮೊದಲು, "ಹೋದದ್ದು ಯಾರೂ ಹಿಂಗ ಹುಡುಕ್ಕೊಂಡು ಬಂದು ಕೊಟ್ಟಿಲ್ರಿ" ಎಂದಳು. ನಾನು ಚೆನ್ನಾಗಿಯೇ ಆಯಿತು ಎಂದುಕೊಂಡದ್ದು ಇವಳಿಗೇ.

ಮುಂದಿನ ಭಾನುವಾರ ಮತ್ತೆ ರೊಪ್ಪದ ಬಳಿ ಕೂತಿದ್ದೆ. ಕುರಿಗಳು ಹುಣಸೆಮರದ ನೆರಳಿಗೆ ಒತ್ತಿಕೊಂಡು ನಿಂತಿದ್ದವು. ಅಪ್ಪ ಮಿಷನ್ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಬೀಡಿ ಸೇದುತ್ತಿದ್ದ. ಫೋನು ಟಿಣ್ ಎಂದಿತು. ತಕರಾರಿನಲ್ಲಿ ಜಮಾ ಆಗಿದ್ದ ಮೊತ್ತ ನಿಮ್ಮ ಕಾರ್ಡಿನಿಂದ ಕಡಿತವಾಗಿದೆ. ಮೊದಲ ಸಲ ಇಂಥ ಮೆಸೇಜು ಬಂದಾಗ ನಾನು ಹೊಟ್ಟೆ ಉರಿಸಿಕೊಂಡಿದ್ದೆ. ಈ ಸಲ ಎರಡು ಸಲ ಓದಿದೆ, ಖುಷಿಗೆ.

"ಹೋಯ್ತಾ?" ಎಂದ ಅಪ್ಪ.

"ಹೋಯ್ತಪ್ಪ."

"ಹಂಗಾರೆ ಸ್ವಿಚ್ ಹಾಕವ್ವ" ಎಂದು ಅಪ್ಪ ಊದಿದ ಕೈ ಚಾಚಿ ಹತ್ತಿರದ ಕುರಿಯನ್ನು ಎಳೆದುಕೊಂಡ.