ಕುಂಚಿಗಿ ಬಿಚ್ಚಿ ಮಾಡಿದ ಕೇಸ್ ಸ್ಟಡಿ

ತಪ್ಪಿದ್ದರೆ ಯಾರಾದರೂ ತಿದ್ದು ಎನ್ನಲಿ, ತಿದ್ದುತ್ತೇನೆ. ಇಲ್ಲದ್ದನ್ನು ಸೇರಿಸು ಎಂದರೆ ಮಾತ್ರ ನನ್ನ ಕೈ ಓಡುವುದಿಲ್ಲ. ಈ ಗುಣಕ್ಕೆ ನಮ್ಮವ್ವ ಹಟ ಎನ್ನುತ್ತಿದ್ದಳು. ನರ್ಸಿಂಗ್ ಶಾಲೆಯ ಮೇಡಂ ಅದಕ್ಕೆ ಉದ್ಧಟತನ ಎಂಬ ದೊಡ್ಡ ಹೆಸರಿಟ್ಟರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಲಸಂಗಿ ಸಮೀಪದ ಹಳ್ಳಿಯಿಂದ ಬಂದ ನಾನು ನರ್ಸಿಂಗ್ ಕಲಿಯುತ್ತಿದ್ದೆ. ಆ ಸಲ ನಮ್ಮ ತಂಡವನ್ನು ಸಿಂದಗಿ ಕಡೆಯ ಒಂದು ಸಣ್ಣ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹಾಕಿದ್ದರು. ಒಬ್ಬೊಬ್ಬರು ಒಂದೊಂದು ಕೂಸನ್ನು ಆರಿಸಿಕೊಂಡು ಕೇಸ್ ಸ್ಟಡಿ ಮಾಡಬೇಕು. ಕೂಸನ್ನು ಪರೀಕ್ಷಿಸಬೇಕು, ಅದಕ್ಕೆ ಮೊದಲು ಯಾವ ಆರೈಕೆ ಬೇಕು, ಆಮೇಲೆ ಯಾವುದು ಎಂದು ಕ್ರಮ ಹಚ್ಚಬೇಕು. ಕೊನೆಗೆ ಕೂಸಿನ ಮಂಚದ ಹತ್ತಿರ ನಿಂತು ಎಲ್ಲರ ಮುಂದೆ ಅದನ್ನು ಹೇಳಬೇಕು, ಮೇಡಂ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ನಮ್ಮಪ್ಪ ಊರತುಂಬ ಮಗಳು ನರ್ಸ್ ಆಗುತ್ತಾಳೆಂದು ಹೇಳಿಕೊಂಡು ಅಡ್ಡಾಡುತ್ತಿದ್ದ. ಸಹಿ ಇಲ್ಲದೆ ಮನೆಗೆ ಹೋಗುವ ಮುಖ ನನಗಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಹತ್ತು ತಿಂಗಳ ಹೆಣ್ಣುಕೂಸು, ನ್ಯುಮೋನಿಯಾ. ಅದರ ತಾಯಿ ಮುಳವಾಡದ ಕಡೆಯ ಸೊಸೆ, ತವರಿಗೆ ಬಂದಾಗ ಕೂಸಿಗೆ ಕೆಮ್ಮು ಹೆಚ್ಚಾಗಿ ಕರೆತಂದಿದ್ದಳು. ಡಾಕ್ಟರು ಇಂಜೆಕ್ಷನ್ ಶುರು ಮಾಡಿದ್ದರು, ಜ್ವರ ಇಳಿದಿತ್ತು. ಹಿರಿಯ ವಿದ್ಯಾರ್ಥಿನಿಯರ ಹಳೆಯ ಫೈಲುಗಳಲ್ಲಿ ಜ್ವರವೇ ಮೊದಲನೆಯ ಸಮಸ್ಯೆ. ಪಕ್ಕದ ಗೆಳತಿ, "ಅದನ್ನ ನೋಡಿ ಬರದಬಿಡು. ಜ್ವರ ಇತ್ತು, ಹೋತು, ಕೂಸು ಅರಾಮ. ಮುಗೀತಲ್ಲ!" ಎಂದಳು.

ಮುಗಿದಿರಲಿಲ್ಲ. ಕೂಸು ಮೊಲೆಗೆ ಬಾಯಿ ಹಾಕುತ್ತಿತ್ತು, ಸ್ವಲ್ಪ ಚೀಪಿ ಬಿಟ್ಟುಬಿಡುತ್ತಿತ್ತು, ಮತ್ತೆ ಹುಡುಕುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿದ್ದವು. ಹಸಿವಿದ್ದೂ ಕುಡಿಯಲಾಗದ ಕೂಸಿಗೆ ಉಸಿರು ಸಾಲುತ್ತಿಲ್ಲವೆಂದೇ ಅರ್ಥ. ಆದರೆ ಚಾರ್ಟಿನಲ್ಲಿ ಉಸಿರಿನ ಲೆಕ್ಕ ಸರಿಯಾಗಿಯೇ ಇತ್ತು. ಇರದೆ ಏನು? ಆ ವಾರ್ಡಿನಲ್ಲಿ ಎಲ್ಲ ಕೂಸುಗಳಿಗೂ ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದು ಮುಂದೆ ಕಸೆ ಕಟ್ಟುವ ಕುಂಚಿಗಿ ಎಂಬ ಟೊಪ್ಪಿಗೆ, ಅದರ ಮೇಲೆ ಹೊದೆಸಿದ ಕೌದಿ. ನಾವೆಲ್ಲ ಆ ಬಟ್ಟೆಯ ಗಂಟಿನ ಮೇಲೆಯೇ ಕಣ್ಣಾಡಿಸಿ ಅಂದಾಜಿನ ಸಂಖ್ಯೆ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು.

"ಅಕ್ಕಾ, ಒಂದೀಟು ಬಿಚ್ಚರಿ, ಎದಿ ನೋಡ್ತೇನಿ," ಎಂದೆ.

"ಬ್ಯಾಡ್ರಿ ಸಿಸ್ಟರ್, ಗಾಳಿ ಹತ್ತತೈತಿ," ಎಂದು ಕೂಸನ್ನು ಇನ್ನಷ್ಟು ಅವುಚಿಕೊಂಡಳು. ಅವಳ ಕೈ ಕೂಸಿನ ಹೊಟ್ಟೆಯ ಮೇಲೆಯೇ ಇತ್ತು. ನನಗೆ ತಿಳಿಯಿತು.

ನಮ್ಮ ಕಡೆ ಉಸಿರಾಡುವಾಗ ಕೂಸಿನ ಪಕ್ಕೆ ಒಳಕ್ಕೆ ಎಳೆಯತೊಡಗಿದರೆ ಕಾದ ಬಳೆಚೂರಿನಿಂದ ಹೊಟ್ಟೆಯ ಮೇಲೆ ಬರೆ ಹಾಕಿಸುತ್ತಿದ್ದರು. ನನ್ನ ಹೊಕ್ಕುಳದ ಎಡಬಲಕ್ಕೂ ಜೋಳದ ಕಾಳಿನಷ್ಟು ಎರಡು ಕಲೆ ಇವೆ. ಸೀರೆಯ ಸೆರಗು ಸರಿಸಿ ಅವಳಿಗೆ ಮಾತ್ರ ಕಾಣುವಂತೆ ತೋರಿಸಿದೆ. "ನನಗೂ ಹಾಕ್ಯಾರಕ್ಕಾ."

ಅವಳು ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿದಳು. "ಹಿರೇ ಮಗನ್ನ ದವಾಖಾನಿಗೆ ಒಯ್ದಾಗ ಬರಿ ನೋಡಿ ಎಲ್ಲಾರ ಮುಂದ ಬೈದ್ರು. ತಾಯಿ ಅಲ್ಲ, ಕಟುಕಿ ಅಂದ್ರು. ಅದಕ್ಕ ಮುಚ್ಚೇನಿ," ಎಂದು ಕುಂಚಿಗಿಯ ಕಸೆ ಬಿಚ್ಚಿದಳು.

ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಆ ವಯಸ್ಸಿಗೆ ಐವತ್ತಾದರೇ ಹೆಚ್ಚು, ಇದು ಅರವತ್ತನ್ನೂ ದಾಟಿತು. ಪ್ರತಿ ಉಸಿರಿಗೂ ಎದೆಯ ಕೆಳಭಾಗ ಒಳಕ್ಕೆ ಎಳೆಯುತ್ತಿತ್ತು. ಹೊಟ್ಟೆಯ ಮೇಲೆ ಹಸಿ ಬರೆ, ಒಂದರಲ್ಲಿ ಕೀವು. ಓಡಿಹೋಗಿ ವಾರ್ಡಿನ ಸಿಸ್ಟರನ್ನೂ ಡಾಕ್ಟರನ್ನೂ ಕರೆತಂದೆ. ಆಮ್ಲಜನಕ ಹಚ್ಚಿದರು, ತಲೆ ಎತ್ತರಿಸಿ ಮೂಗು ಸ್ವಚ್ಛ ಮಾಡಿದೆವು, ಉಸಿರು ಹತೋಟಿಗೆ ಬರುವವರೆಗೂ ಬಾಯಿಂದ ಏನೂ ಕೊಡದೆ ಸಲೈನ್ ಹಾಕಿದರು. ಎರಡು ದಿನಕ್ಕೆ ಕೂಸು ಮತ್ತೆ ಹಾಲು ಕುಡಿಯಿತು. ಅದನ್ನು ನೋಡಿ ನನಗೆ ಅಳುವೇ ಬಂತು, ಸುಳ್ಳೇಕೆ ಹೇಳಲಿ.

ಕೇಸ್ ಸ್ಟಡಿಯನ್ನು ಕಂಡಂತೆಯೇ ಮಾಡಿದೆ. ಮೊದಲನೆಯದು ಉಸಿರಾಟ, ಕಫ. ಎರಡನೆಯದು ನೀರು ಮತ್ತು ಹಾಲು. ಆಮೇಲೆ ಜ್ವರ. ಆಮೇಲೆ ಬರೆಯ ಗಾಯ, ಅದರ ನೋವಿಗೆ ಕೂಸು ಗಟ್ಟಿಯಾಗಿ ಕೆಮ್ಮಲಾರದು ಎಂಬ ಮಾತು. ಕೊನೆಗೆ ತಾಯಿಯ ಹೆದರಿಕೆ, ಅವಳಿಗೆ ತಿಳಿಸಿ ಹೇಳಬೇಕಾದದ್ದು.

ಮೇಡಂ ಓದಿ ಕೆಂಪು ಪೆನ್ನು ತೆಗೆದರು. "ಕಾರಣದ ಜಾಗದಾಗ ತಾಯಿಯ ಅಜ್ಞಾನ, ನಿರ್ಲಕ್ಷ್ಯ ಅಂತ ಹಾಕು. ನಾಳೆ ಮಂಚದ ಹತ್ರ ಹೇಳುವಾಗನೂ ಅದನ್ನ ಮೊದಲು ಹೇಳು. ಉಳಿದ ತಾಯಂದಿರೂ ಕೇಳಿ ಕಲೀಲಿ."

ಮರುದಿನ ಬೆಳಿಗ್ಗೆ ಮಂಚದ ಸುತ್ತ ಇಡೀ ತಂಡ ನಿಂತಿತ್ತು. ಫೈಲು ಇಂಗ್ಲಿಷಿನಲ್ಲಿದ್ದರೂ ತಾಯಂದಿರ ಮುಂದೆ ಮೇಡಂ ಕನ್ನಡಕ್ಕೆ ಇಳಿಯುತ್ತಿದ್ದರು, ಬೈಯಲು ಅದೇ ಸಲೀಸು. ನಾನು ಎಲ್ಲ ಹೇಳಿದೆ. ಕೂಸಿನ ತಾಯಿ ತಲೆ ತಗ್ಗಿಸಿ ಕೂತಿದ್ದಳು.

"ಕಾರಣ?" ಎಂದರು ಮೇಡಂ.

"ಸೋಂಕು ರೀ. ಪುಪ್ಪುಸಕ್ಕ ಹತ್ತಿದ ಸೋಂಕು."

"ಮತ್ತ ಬರಿ?"

"ಬರಿ ಹಾಕಿದ್ರಿಂದ ನ್ಯುಮೋನಿಯಾ ಬರೂದಿಲ್ರಿ ಮೇಡಂ, ಹೋಗೂದೂ ಇಲ್ರಿ. ಅದು ಗಾಯ, ಕೂಸಿಗೆ ತ್ರಾಸ. ಇನ್ನ ಮ್ಯಾಲೆ ಹಾಕಸಬ್ಯಾಡ್ರಿ, ಪಕ್ಕಿ ಎಳದ ಕೂಡ್ಲೇ ಕರಕೊಂಡು ಬರ್ರಿ ಅಂತ ಅಕ್ಕಾಗ ಹೇಳೇನಿ."

"ನಿರ್ಲಕ್ಷ್ಯ ಯಾರದು? ಅದನ್ನ ಹೇಳು."

"ನಿರ್ಲಕ್ಷ್ಯ ನಮ್ದೂ ಐತ್ರಿ. ನಾವು ಬೈತೇವಿ, ಅವರು ಮುಚ್ಚತಾರ. ಮುಚ್ಚಿದ ಕೌದಿ ಮ್ಯಾಲೆ ನಾವು ಉಸಿರು ಎಣಸ್ತೇವಿ. ನಮ್ಮವ್ವನೂ ನನಗ ಬರಿ ಹಾಕ್ಸ್ಯಾಳ್ರಿ. ಆಕಿ ನಿರ್ಲಕ್ಷ್ಯದಾಕಿ ಅಲ್ಲ, ಹೆದರಿದಾಕಿ. ನಾ ಅದನ್ನ ಹೇಳೂದಿಲ್ಲ."

"ಹಂಗಾದ್ರ ನಾ ಸಹಿ ಮಾಡೂದಿಲ್ಲ," ಎಂದು ಮೇಡಂ ಫೈಲನ್ನು ಮಂಚದ ಮೇಲೆ ಒಗೆದರು.

"ಬ್ಯಾಡ್ರಿ," ಎಂದೆ. ಅಪ್ಪನ ಮುಖ ಕಣ್ಣ ಮುಂದೆ ಬಂತು. ಆದರೂ ಬಾಯಿಂದ ಬಂದದ್ದು ಅದೇ.

ಆಗ ಮೂಲೆಯ ಮಂಚದಲ್ಲಿ, ಹಿಂದಿನ ಸಂಜೆಯಷ್ಟೇ ಬಂದಿದ್ದ ಇನ್ನೊಬ್ಬ ತಾಯಿ ಎದ್ದುನಿಂತಳು. ಬಿಚ್ಚು ಎಂದು ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ತನ್ನ ಕೂಸಿನ ಕೌದಿ ತೆಗೆದಳು, ಕುಂಚಿಗಿ ಬಿಚ್ಚಿದಳು, ಅಂಗಿ ಮೇಲಕ್ಕೆತ್ತಿದಳು.

"ಯವ್ವಾ, ಇದನ್ನೂ ನೋಡ್ ಬಾ," ಎಂದು ನನ್ನನ್ನು ಕರೆದಳು.

ಅಲ್ಲಿಯೂ ಬರೆ, ಅಲ್ಲಿಯೂ ಒಳಕ್ಕೆ ಎಳೆಯುವ ಎದೆ. ನನಗಿಂತ ಮುಂಚೆ ಮೇಡಂ ಹೋದರು. ಬೈಯುತ್ತಾರೆಂದುಕೊಂಡೆ. ಅವರು ಬಗ್ಗಿ, ಕೈಗಡಿಯಾರ ನೋಡುತ್ತ, ಬಟ್ಟೆ ಸರಿಸಿದ ಎದೆಯ ಮೇಲೆ ಕಣ್ಣಿಟ್ಟು ಪೂರ್ತಿ ನಿಮಿಷ ಎಣಿಸಿದರು. ಆಮೇಲೆ, "ಡಾಕ್ಟರನ್ನ ಕರಿ," ಎಂದರು.

ಸಂಜೆ ಫೈಲು ವಾಪಸು ಬಂತು. ಒಳಗೆ ಸಹಿ ಇತ್ತು. ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ, ಅದರ ಕೆಳಗೆ ಕೆಂಪಕ್ಷರದಲ್ಲಿ, ವಿದ್ಯಾರ್ಥಿನಿಯ ನಡತೆ ಉದ್ಧಟ ಎಂಬ ಒಕ್ಕಣೆ. ಆಮೇಲೆ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯೆಲ್ಲ ನೌಕರಿ ಮಾಡಿದೆ. ಹೋದಲ್ಲೆಲ್ಲ ಮೊದಲು ಕುಂಚಿಗಿ ಬಿಚ್ಚಿಸಿದೆ, ಆಮೇಲೆಯೇ ಪೆನ್ನು ತೆಗೆದೆ. ಆ ಒಕ್ಕಣೆಯನ್ನು ಅಳಿಸಿಕೊಡಿ ಎಂದು ಮೇಡಂ ಹತ್ತಿರ ನಾನು ಕೇಳಲಿಲ್ಲ. ಅದೊಂದನ್ನು ಅವರು ಸರಿಯಾಗಿಯೇ ಬರೆದಿದ್ದರು.