ಅಣ್ಣನ ಈಗಿನ ಮುಖ

ಕನಕಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೇಕರಿಯ ಮಹಡಿ ಮೇಲೆ ಒಂದು ಪುಟ್ಟ ದಿನಪತ್ರಿಕೆಯ ಕಚೇರಿ. ಆ ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಟ್ಟುವವಳು ಧನಲಕ್ಷ್ಮಿ. ಹುಟ್ಟುಹಬ್ಬದ ಜಾಹೀರಾತುಗಳಲ್ಲಿ ಮುಖಂಡರ ಹೊಟ್ಟೆ ಕರಗಿಸಿ ತಲೆಗೂದಲು ಬೆಳೆಸುವುದರಲ್ಲಿ ಅವಳದು ಎತ್ತಿದ ಕೈ. ಜಾಹೀರಾತಿಗೆ ಅದೆಲ್ಲ ನಡೆಯುತ್ತದೆ, ಸುದ್ದಿಗೆ ನಡೆಯುವುದಿಲ್ಲ.

ನಡೆಯುವುದಿಲ್ಲವೆಂದು ಬರೆದು ಗೋಡೆಗೆ ಅಂಟಿಸಿದವಳೂ ಅವಳೇ. ಹೋದ ವರ್ಷ ಕಬ್ಬಾಳು ಬೆಟ್ಟದ ಬುಡದಲ್ಲಿ ಚಿರತೆ ನಿಂತ ಫೋಟೊ ಯಾರದೋ ಮೊಬೈಲಿನಿಂದ ಬಂದಿತ್ತು. ಪತ್ರಿಕೆ ಹಿಂದುಮುಂದು ನೋಡದೆ ಮುಖಪುಟಕ್ಕೆ ಹಾಕಿತು. ಆ ಕಡೆಯ ಜನ ಕುರಿಗಳನ್ನು ಮೇಯಲು ಬಿಡದೆ ಬಾಗಿಲು ಹಾಕಿಕೊಂಡು ಕೂತರು. ಕೊನೆಗೆ ನೋಡಿದರೆ ಚಿರತೆಯೂ ಇಲ್ಲ, ಮಣ್ಣೂ ಇಲ್ಲ. ಕಂಪ್ಯೂಟರಿನ ಎಐ ಹೆತ್ತ ಚಿರತೆ! ಸಂಪಾದಕ ದೇವರಾಜ್ ಮುಖಪುಟದಲ್ಲೇ ತಪ್ಪೊಪ್ಪಿಕೊಂಡು, ಮಾರನೆಯ ದಿನ ಎಲ್ಲರನ್ನೂ ಕೂರಿಸಿಕೊಂಡು ನಿಯಮ ಮಾಡಿದರು. ಸುದ್ದಿಯ ಫೋಟೊದ ಅಂಚು ಕತ್ತರಿಸಬಹುದು, ಬೆಳಕು ಸರಿಪಡಿಸಬಹುದು; ಅದರೊಳಗೆ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಹಳೆಯ ಫೋಟೊ ಆದರೆ ಯಾವ ಕಾಲದ್ದೆಂದು ಬರೆಯಬೇಕು. ಎಐ ಚಿತ್ರವನ್ನು ಆರೋಗ್ಯ, ಅಡುಗೆಯಂಥ ಲೇಖನಕ್ಕೆ ಬಳಸಿದರೆ ಚಿತ್ರದ ಮೇಲೇ ಹಾಗೆಂದು ನಮೂದಿಸಬೇಕು. ನಿಜವಾದ ಮನುಷ್ಯರ, ನಿಜವಾದ ಘಟನೆಯ ಸುದ್ದಿಗೆ ಮಾತ್ರ ಅದು ಬೇಡವೇ ಬೇಡ.

ಈ ನಿಯಮ ತನ್ನ ಕಾಲಿಗೇ ತೊಡರುತ್ತದೆಂದು ಧನಲಕ್ಷ್ಮಿಗೆ ಆಗ ಹೊಳೆದಿರಲಿಲ್ಲ.

ಈ ಸಲ ವರದಿಗಾರ್ತಿ ನಿಖಾತ್, ತಾಲ್ಲೂಕಿನಲ್ಲಿ ಕಾಣೆಯಾಗಿ ಇನ್ನೂ ಸಿಗದವರ ಬಗ್ಗೆ ಬರೆದಳು. ಅದರಲ್ಲಿ ಧನಲಕ್ಷ್ಮಿಯ ಅಣ್ಣ ಮುತ್ತುರಾಜುವೂ ಇದ್ದ. ಹಾರೋಹಳ್ಳಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದವನು ಒಂದು ದಿನ ಅಪ್ಪನೊಡನೆ ಜಗಳ ಮಾಡಿಕೊಂಡು ಬಸ್ಸು ಹತ್ತಿದ, ಮತ್ತೆ ಬರಲಿಲ್ಲ. ಆಗ ಅವನಿಗೆ ಹತ್ತೊಂಬತ್ತು. ಈಗ ನಲವತ್ತರ ಹತ್ತಿರ. ಅಪ್ಪನೂ ತೀರಿಕೊಂಡಾಯಿತು. ಮನೆಯಲ್ಲಿ ಉಳಿದದ್ದು ಕೆಲಸಕ್ಕೆ ಸೇರುವಾಗ ತೆಗೆಸಿದ ಪಾಸ್‌ಪೋರ್ಟ್ ಫೋಟೊ ಒಂದೇ, ಮೀಸೆ ಚಿಗುರುತ್ತಿದ್ದ ಹುಡುಗ.

ಈ ಹುಡುಗನನ್ನು ನೋಡಿ ಈಗ ಯಾರು ಗುರುತು ಹಿಡಿಯುತ್ತಾರೆ? ಧನಲಕ್ಷ್ಮಿ ಆ ಫೋಟೊವನ್ನು ಎಐಗೆ ಕೊಟ್ಟು, ನಲವತ್ತರ ಮುಖ ಮಾಡಿಕೊಡು ಎಂದಳು. ಪರದೆಯ ಮೇಲೆ ಮೂಡಿದವನ ಕಿವಿಯ ಬಳಿ ನರೆ, ಕೆನ್ನೆ ತುಂಬಿಕೊಂಡಿತ್ತು, ಬೆನ್ನ ಹಿಂದೆ ಯಾವುದೋ ಅಂಗಡಿ. ಥೇಟ್ ಅಪ್ಪ. ಇಷ್ಟು ವರ್ಷ ಬಸ್ಸಿನಲ್ಲಿ, ಸಂತೆಯಲ್ಲಿ, ಕಂಡವರ ಮುಖದಲ್ಲೆಲ್ಲ ಹುಡುಕಿದ್ದು ಇದನ್ನೇ.

ವರದಿಯ ಜೊತೆ ಇದನ್ನೇ ಹಾಕೋಣವೆಂದು ತೋರಿಸಿದಾಗ ದೇವರಾಜ್ ಬೇಡವೆಂದು ತಲೆ ಅಲ್ಲಾಡಿಸಿದರು.

"ಎಐ ಮಾಡಿದ್ದು ಅಂತ ಮೇಲೇ ಬರೆದು ಹಾಕೋಣ ಸಾರ್."

"ಅಕ್ಷರ ಯಾರಮ್ಮ ಓದ್ತಾರೆ, ಮೊದ್ಲು ಮುಖ ನೋಡ್ತಾರೆ. ಅವನು ಸೊರಗವ್ನೋ, ಗಡ್ಡ ಬುಟ್ಟವ್ನೋ ನಮಗೇನ್ ಗೊತ್ತು? ಜನ ಈ ಮುಖ ಹುಡುಕ್ತಾ ಕೂತ್ಕೊಂಡ್ರೆ, ನಿಮ್ಮಣ್ಣ ಎದುರಿಗೇ ಬಂದ್ರೂ ಬುಟ್ಬುಡ್ತಾರೆ."

"ನಿಮ್ಮ ಅಣ್ಣ ಆಗಿದ್ರೆ ಹಿಂಗಂತಿದ್ರಾ?" ಎಂದವಳು ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ಹೊರಟಳು. ಕೋಪ ಅವರ ಮೇಲಲ್ಲ. ಅವರ ಮಾತು ಸರಿಯಿತ್ತಲ್ಲ, ಅದರ ಮೇಲೆ.

ಮನೆಯಲ್ಲಿ ತಾಯಿ ಚಿನ್ನಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತೋರಿಸಬಾರದು ಅಂದುಕೊಂಡೇ ಧನಲಕ್ಷ್ಮಿ ಮೊಬೈಲನ್ನು ಅವಳ ಮುಂದೆ ಹಿಡಿದಳು. ಚಿನ್ನಮ್ಮನ ಮಡಿಲಲ್ಲಿದ್ದ ಕಾಯಿಯೆಲ್ಲ ನೆಲಕ್ಕೆ ಬಿತ್ತು.

"ಅಯ್ಯೋ ನನ್ ಮಗನೇ! ಎಲ್ಲವ್ನೆ? ಯಾವೂರ್ ಅಂಗ್ಡಿ ಇದು? ನಡಿ, ಈಗ್ಲೇ ಹೋಗಿ ಕರ್ಕೊಂಡ್ ಬರವಾ."

ಮುದುಕಿ ಆಗಲೇ ಎದ್ದು ಹಗ್ಗದ ಮೇಲಿನ ಒಳ್ಳೆಯ ಸೀರೆಗೆ ಕೈ ಹಾಕಿದ್ದಳು. ಆ ಅಂಗಡಿ ಯಾವ ಊರಿನಲ್ಲೂ ಇಲ್ಲ ಎಂದು ಧನಲಕ್ಷ್ಮಿ ಹೇಗೆ ಹೇಳಿಯಾಳು? ತಾನೂ ಮಧ್ಯಾಹ್ನವೆಲ್ಲ ಆ ಅಂಗಡಿಯ ಬೋರ್ಡನ್ನು ದೊಡ್ಡದು ಮಾಡಿ ಮಾಡಿ ಓದಲು ನೋಡಿದ್ದಳು. ಅಕ್ಷರದಂತೆ ಕಾಣುವ ಗೀಚು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಅದು ಅಣ್ಣ ಅಲ್ಲ ಕಣವ್ವ," ಎಂದಳು ಕಡೆಗೂ.

ಸಂಜೆಯೇ ಕಚೇರಿಗೆ ವಾಪಸ್ಸು ಹೋಗಿ ಪುಟ ಕಟ್ಟಿದಳು. ಪಾಸ್‌ಪೋರ್ಟ್ ಫೋಟೊವನ್ನೇ ಇಟ್ಟು, ಕೆಳಗೆ 'ಹತ್ತೊಂಬತ್ತನೇ ವಯಸ್ಸಿನ ಫೋಟೊ, ಈಗ ನಲವತ್ತರ ಆಸುಪಾಸು' ಎಂದು ಬರೆದಳು. ಗೋಡೆಯ ನಿಯಮಗಳ ಕೊನೆಗೆ, ಎಐ ಮಾಡಿದ ಮುಖವನ್ನು ಕಾಣೆಯಾದವರ ಮನೆಯವರಿಗೂ ತೋರಿಸಬಾರದು ಎಂದು ಪೆನ್ನಿನಲ್ಲಿ ಸೇರಿಸಿದಳು.

ಬೆಳಿಗ್ಗೆ ಚಿನ್ನಮ್ಮ ಪತ್ರಿಕೆಯನ್ನು ತೊಡೆಯ ಮೇಲೆ ಹಾಸಿಕೊಂಡು ಮಗನ ಮುಖವನ್ನು ಬಹಳ ಹೊತ್ತು ಸವರಿದಳು.

"ಇವ್ನು ಸರಿ, ನಮ್ಮೋನು," ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ನಿನ್ನೆ ಮೊಬೈಲ್‌ನಾಗೆ ತೋರ್ಸಿದ್ಯಲ್ಲ, ಅವನದ್ಯಾಕ್ ಹಾಕ್ನಿಲ್ಲ? ಅವನ್ನೂ ಹೆತ್ತೋಳು ಎಲ್ಲೋ ಹುಡುಕ್ತಾ ಇರ್ತಾಳೆ ಕಣ್ ಮಗ."

ಧನಲಕ್ಷ್ಮಿ ಮೊಬೈಲ್ ತೆಗೆದು ಆ ಮುಖವನ್ನು ಇನ್ನೊಂದು ಸಲ ನೋಡಿದಳು. ಅಪ್ಪನ ಕೆನ್ನೆ, ಅಪ್ಪನ ನರೆ.

"ಅವನಿಗೆ ಯಾರೂ ಇಲ್ಲವ್ವ," ಎಂದು ಅಳಿಸಿಹಾಕಿದಳು.