ಇಳಿದರೆ ತೆಂಗಿನಕಾಯಿ ಒಡೆಯುವ ಅಂಕಿ

ನನ್ನ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಅದರ ಜಾಗದಲ್ಲಿ ದ್ರಾಕ್ಷಿ ಗೊಂಚಲಿನಂಥದ್ದು ಬೆಳೆದಿತ್ತು. ಉದಗೀರದ ಡಾಕ್ಟರು ಅದನ್ನು ತೆಗೆದು, ಮೋಲಾರ್ ಪ್ರೆಗ್ನೆನ್ಸಿ ಎಂದು ಹೆಸರು ಹೇಳಿ, ವಾರ ವಾರ ರಕ್ತದಲ್ಲಿ ಎಚ್‌ಸಿಜಿ ನೋಡಿಸಿ ಎಂದರು. ಅದು ಗರ್ಭದ ಹಾರ್ಮೋನು; ಇಳಿಯುತ್ತಲೇ ಹೋಗಬೇಕು. ನಿಂತರೆ ಅಥವಾ ಏರಿದರೆ ರೋಗ ಉಳಿದಿದೆಯೆಂದು ಅರ್ಥ. ಕ್ಯಾನ್ಸರಿಗೆ ಕೊಡುವಂಥ ಇಂಜೆಕ್ಷನ್ ಬೇಕಾಗಬಹುದು.

ಕಾಸಾರಶಿರಸಿಯ ನಮ್ಮ ಮನೆಯಲ್ಲಿ ಇಷ್ಟನ್ನು ಯಾರೂ ನಂಬಲಿಲ್ಲ. ನಾಲ್ಕನೆಯ ವಾರ ಅತ್ತೆ ಮೆಡಿಕಲ್‌ನಿಂದ ಬಸಿರು ನೋಡುವ ಪಟ್ಟಿ ತಂದು ಪರೀಕ್ಷೆ ಮಾಡಿಸಿದರು. ಎರಡು ಗೆರೆ ಮೂಡಿದವು.

"ಡಾಕ್ಟರಗ ಏನೂ ತಿಳಿದಿಲ್ಲ. ಕೂಸು ಒಳಗೇ ಅದ!"

ಮಾವ ಊರಿನ ಮನೆಗಳಿಗೆ ಪೂಜೆ ಮಾಡುವ ಅಯ್ಯನವರು. ಸುದ್ದಿ ಪೂಜೆಗಿಂತ ಮುಂಚೆ ಮನೆಮನೆ ತಲುಪಿತು. ಮಧ್ಯಾಹ್ನದೊಳಗೆ ಇಬ್ಬರು ಹೆಂಗಸರು ಬಂದು ನನ್ನ ಉಡಿ ತುಂಬಿದರು. ನಾನು ಬೇಡವೆಂದಷ್ಟೂ ನಾಚಿಕೆ ಎಂದುಕೊಂಡರು. ಗಂಡ ರಿಪೋರ್ಟಿನ ಫೈಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದ, ಮಹಾಶಯ.

ಮರುದಿನ ಅತ್ತೆ ಪೇಡೆ ಹಿಡಿದು ನನ್ನ ಜೊತೆ ಆಸ್ಪತ್ರೆಗೆ ಬಂದರು. ಡಾಕ್ಟರು ಪೇಡೆ ತಿನ್ನಲಿಲ್ಲ.

"ಆ ಪಟ್ಟಿಗಿ ಕೂಸು ಕಾಣಂಗಿಲ್ರೀ, ಹಾರ್ಮೋನ್ ಕಾಣ್ತದ. ತೆಗದ ಗೊಂಚಲದ ಅಂಶ ರಕ್ತದಾಗ ಇನ್ನಾ ಅದ."

"ಹಂಗಾದ್ರ ಇನ್ನೊಂದು ಜಲ್ದಿ ಆಗ್ಲಿ ಬಿಡ್ರೀ."

"ಹೊಸಾ ಗರ್ಭ ನಿಂತ್ರ ಈ ಆಕಡಾ, ಈ ಅಂಕಿ, ಮತ್ತ ಏರ್ತದ. ಕೂಸಿಂದೋ ರೋಗದ್ದೋ ನಾ ಹ್ಯಾಂಗ ಹೇಳ್ಲಿ? ಸಾಲಾಗಿ ಮೂರು ವಾರ ನಾರ್ಮಲ್ ಬರ್ಲಿ, ಆಮ್ಯಾಲ ಆರು ತಿಂಗಳ ತಿಂಗಳಿಗೊಮ್ಮಿ ನೋಡೂಣು. ಅಲ್ಲೀತನಾ ಗರ್ಭ ಬ್ಯಾಡ, ಈ ಗುಳಿಗಿ ತೊಗೋಳ್ಲಿ."

ಮಾವ ಇದನ್ನು ಕೇಳಿ ಮಗನ ಹಾಸಿಗೆಯನ್ನು ಊರಿನ ಮಠಕ್ಕೆ ಕಳಿಸಿಬಿಟ್ಟರು. ಗುಳಿಗೆ ಕೊಟ್ಟಿದ್ದಾರೆಂದು ಗಂಡ ಗೊಣಗಿದ.

"ಗುಳಿಗಿನೂ ಇರ್ಲಿ, ಮಠಾನೂ ಇರ್ಲಿ," ಎಂದರು ಮಾವ.

ಮತ್ತೆ ಪ್ರತಿ ವಾರ ಹತ್ತಿರದ ನಿಲಂಗಾದ ಲ್ಯಾಬಿನಲ್ಲಿ ರಕ್ತ ಕೊಡುವುದು, ಅಂಕಿ ಇಳಿದರೆ ಮಾವ ತೆಂಗಿನಕಾಯಿ ಒಡೆಯುವುದು. ಪೂಜೆಗೆ ಹೋದಲ್ಲೆಲ್ಲ ಸೊಸೆಯ ಅಂಕಿ ಹೇಳಿ ಬರುತ್ತಿದ್ದರು. ಪೈಪ್ ರಿಪೇರಿಯವನು ಕೂಡ "ಈ ವಾರ ಎಷ್ಟ್ ಇಳೀತ್ರೀ ವೈನಿ?" ಎಂದು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದು ವಾರ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಾಗ ಮಾತ್ರ ಯಾರೂ ಏನೂ ಕೇಳಲಿಲ್ಲ. ಆ ವಾರ ನಾನು ನಿಜವಾಗಿ ಹೆದರಿದೆ. ಮುಂದಿನ ವಾರ ಮತ್ತೆ ಇಳಿಯಿತು.

ಕೊನೆಗೆ ಸತತ ಮೂರನೆಯ ವಾರವೂ ನಾರ್ಮಲ್ ಬಂತು. ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ರೋಗ ಹೋಯಿತೆಂಬ ಖುಷಿ ಇತ್ತು. ನಾನು ಬಸುರಾಗಿದ್ದೆ ಎಂಬುದಕ್ಕೆ ರಕ್ತದಲ್ಲಿ ಉಳಿದಿದ್ದ ಒಂದೇ ಒಂದು ಗುರುತೂ ಹೋಗಿತ್ತು.

ತಾಟು ತೆಗೆದುಕೊಳ್ಳಲು ಬಂದ ಅತ್ತೆ ನನ್ನನ್ನು ನೋಡಿ ಬಾಗಿಲು ಮುಂದೆ ಮಾಡಿದರು.

"ಅಳು ಯವ್ವಾ. ನಾನೂ ಕೂಸಿಗಿ ಒಂದು ಹೆಸರ ಹಿಡದಿಟ್ಟಿದ್ನಿ."

ಯಾವ ಹೆಸರೆಂದು ನಾನು ಕೇಳಲಿಲ್ಲ.